ಪದಚರ್ಚೆ: ‘ಲುಡ್ವಿಗ್ಸ್ ಆಂಜೈನಾ’ – ಕನ್ನಡದಲ್ಲಿ ಏನೆನ್ನೋಣ? ಜೊತೆಗೆ, ಕಟ್ಟಿಕೊಳ್ಳುವುದು ಶ್ವಾಸನಾಳವೇ?

ಅನುವಾದಕಿ, ಧಾರವಾಡ:

ಎಲ್ಲರಿಗೂ ನಮಸ್ಕಾರ. ಹಲ್ಲುನೋವಿಗೆ ಬರುವ ರೋಗಿಗಳ ಕೈಗೆ ಕೊಡುವ ಎರಡು ಪುಟದ ತಿಳಿವಳಿಕೆ ಪತ್ರವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಹುಳುಕು ಹಲ್ಲಿನ ಸೋಂಕು ಕುತ್ತಿಗೆಗೆ ಇಳಿದು ಉಸಿರು ಕಟ್ಟಿಸಬಹುದು ಎನ್ನುವುದು ಅದರ ಮುಖ್ಯ ಎಚ್ಚರಿಕೆ. ಮೂರು ಕಡೆ ತೊಡಕಾಗಿದೆ.

ಕಾಯಿಲೆಯ ಹೆಸರು ಲುಡ್ವಿಗ್ಸ್ ಆಂಜೈನಾ. ನಿಘಂಟಿನಲ್ಲಿ ಆಂಜೈನಾ ಎಂದರೆ ಎದೆಶೂಲೆ. ಹಾಗೆ ಬರೆದರೆ ಓದಿದವರು ಹೃದಯದ ಡಾಕ್ಟರನ್ನು ಹುಡುಕಿಕೊಂಡು ಹೋಗುತ್ತಾರೆ. ಎರಡನೆಯದು, ಸೋಂಕು ಕುತ್ತಿಗೆಯ ‘ಸ್ಪೇಸ್’ಗಳಲ್ಲಿ ಹರಡುತ್ತದೆ ಎಂದಿದೆ. ಅವಕಾಶ, ಪೊಳ್ಳು, ಟೊಳ್ಳು – ಯಾವುದೂ ಕೂಡುತ್ತಿಲ್ಲ. ಮೂರನೆಯದು ‘ಏರ್‌ವೇ’. ಸದ್ಯಕ್ಕೆ ‘ಕೀವು ತುಂಬಿ ಶ್ವಾಸನಾಳ ಮುಚ್ಚಿಹೋಗಬಹುದು’ ಎಂದು ಬರೆದುಕೊಂಡಿದ್ದೇನೆ. ಸರಿಯೇ?

ನಿವೃತ್ತ ಕನ್ನಡ ಅಧ್ಯಾಪಕ, ಮೈಸೂರು:

ಆಂಜೈನಾ ಎಂಬುದರ ಲ್ಯಾಟಿನ್ ಮೂಲಕ್ಕೆ ಬಿಗಿಯುವುದು, ಕತ್ತು ಹಿಸುಕುವುದು ಎಂಬ ಅರ್ಥವಿದೆ. ಎದೆಗೆ ಅಂಟಿಕೊಂಡದ್ದು ಆಮೇಲೆ. ಮೊದಲು ಅದು ಗಂಟಲಿನ ಕಾಯಿಲೆಗಳಿಗೇ ಸಲ್ಲುತ್ತಿತ್ತು. ಆದ್ದರಿಂದ ಎದೆಶೂಲೆ ಖಂಡಿತ ಬೇಡ. ನಮ್ಮಲ್ಲಿ ಇದಕ್ಕೆ ಹಳೆಯ ಹೆಸರೇ ಇದೆಯಲ್ಲ, ‘ಗಂಟಲಮಾರಿ’! ಕುತ್ತಿಗೆ ಊದಿ, ಉಸಿರು ಕಟ್ಟಿ ಸಾಯುವ ರೋಗ. ಅದನ್ನೇ ಬಳಸಿ. ಶ್ವಾಸನಾಳವೂ ಸರಿಯಾಗಿದೆ, ಶಾಲೆಯ ಪಠ್ಯದಲ್ಲೂ ಅದೇ ಇದೆ.

ಅರಿವಳಿಕೆ ವೈದ್ಯ, ಹುಬ್ಬಳ್ಳಿ:

ಮೇಷ್ಟ್ರು ಹೇಳಿದ ಲ್ಯಾಟಿನ್ ಮೂಲ ಸರಿಯಿದೆ. ಗಂಟಲಮಾರಿ ಮಾತ್ರ ಬೇಡ. ಅದು ಡಿಫ್ತೀರಿಯಾಕ್ಕೆ ನೆಲೆನಿಂತ ಹೆಸರು. ಅದರಲ್ಲೂ ಕುತ್ತಿಗೆ ಊದುತ್ತದೆ ನಿಜ, ಆದರೆ ಅದು ಒಬ್ಬರಿಂದೊಬ್ಬರಿಗೆ ಹರಡುವ, ಲಸಿಕೆ ಇರುವ ಕಾಯಿಲೆ. ನಾವು ಮಾತಾಡುತ್ತಿರುವುದು ಹಲ್ಲಿನ ಬೇರಿನಿಂದ ಹೊರಟ ಸೋಂಕು. ಇದು ಪಕ್ಕದವರಿಗೆ ಅಂಟುವುದಿಲ್ಲ, ಇದಕ್ಕೆ ಲಸಿಕೆಯೂ ಇಲ್ಲ. 1836ರಲ್ಲಿ ಜರ್ಮನಿಯ ವೈದ್ಯ ವಿಲ್ಹೆಲ್ಮ್ ಫ್ರೀಡ್ರಿಕ್ ಫಾನ್ ಲುಡ್ವಿಗ್ ಇದನ್ನು ವಿವರಿಸಿದ್ದರಿಂದ ಆ ಹೆಸರು. ತಿಳಿವಳಿಕೆ ಪತ್ರಕ್ಕೆ ‘ದವಡೆಯಡಿಯ ಬಿರುಸು ಬಾವು’ ಎಂದರೆ ಸಾಕು. ಪಕ್ಕದಲ್ಲಿ ಲುಡ್ವಿಗ್ಸ್ ಆಂಜೈನಾ ಎಂದೂ ಇರಲಿ, ರೆಫರ್ ಮಾಡಿದ ಚೀಟಿಯಲ್ಲಿ ಅದೇ ಇರುತ್ತದೆ.

ನನಗೆ ಹೆಚ್ಚು ಕಳವಳ ತಂದದ್ದು ನಿಮ್ಮ ಮೂರನೆಯ ವಾಕ್ಯ. ಅದರಲ್ಲಿ ‘ಕೀವು ತುಂಬಿ’ ಎಂಬುದೂ ತಪ್ಪು ದಾರಿ ತೋರಿಸುತ್ತದೆ, ‘ಶ್ವಾಸನಾಳ’ ಎಂಬುದೂ ತೋರಿಸುತ್ತದೆ.

ಕೆಳದವಡೆಯ ಒಳಮೈಗೆ ಒಂದು ತೆಳು ಸ್ನಾಯು ಅಂಟಿಕೊಂಡು ಬಾಯಿಯ ತಳವಾಗಿದೆ. ಅದು ಅಂಟಿರುವ ಗೆರೆ ಓರೆಯಾಗಿದೆ: ಹಿಂದೆ ಮೇಲಕ್ಕೆ, ಮುಂದೆ ಕೆಳಕ್ಕೆ. ಹೀಗಾಗಿ ಎರಡನೆಯ ದವಡೆಹಲ್ಲು ಮತ್ತು ಬುದ್ಧಿಹಲ್ಲಿನ ಬೇರಿನ ತುದಿ ಸಾಮಾನ್ಯವಾಗಿ ಆ ಗೆರೆಗಿಂತ ಕೆಳಗೆ ಬೀಳುತ್ತದೆ, ಮುಂದಿನ ಹಲ್ಲುಗಳದ್ದು ಮೇಲೆ ಉಳಿಯುತ್ತದೆ. ಬುದ್ಧಿಹಲ್ಲಿನ ಬೇರಿನಲ್ಲಿ ಸೋಂಕು ಎದ್ದು ಮೂಳೆಯನ್ನು ಒಳಮಗ್ಗುಲಿಗೆ ಕೊರೆದರೆ ಅದು ಬಾಯೊಳಗೆ ಒಡೆಯದೆ ನೇರ ಕುತ್ತಿಗೆಗೆ ಇಳಿಯುತ್ತದೆ. ಆ ಸ್ನಾಯುವಿನ ಹಿಂದಿನ ಅಂಚು ಬಿಟ್ಟುಕೊಂಡಿರುವುದರಿಂದ ಅಲ್ಲಿಂದ ಸುತ್ತಿ ನಾಲಿಗೆಯಡಿಗೂ ಬರುತ್ತದೆ, ಆಮೇಲೆ ಇನ್ನೊಂದು ಬದಿಗೂ ದಾಟುತ್ತದೆ. ಗದ್ದದಡಿ ಎರಡೂ ಕಡೆ ಊದಿದರೆ ಮಾತ್ರ ಇದಕ್ಕೆ ಈ ಹೆಸರು.

ಈಗ ‘ಸ್ಪೇಸ್’. ಆರೋಗ್ಯವಂತರ ಕುತ್ತಿಗೆಯಲ್ಲಿ ಅಲ್ಲಿ ಯಾವ ಪೊಳ್ಳೂ ಇಲ್ಲ. ಪದರಕ್ಕೆ ಪದರ ತಾಗಿಕೊಂಡಿರುತ್ತದೆ, ಸೋಂಕು ಹೊಕ್ಕಾಗಲೇ ಬಿಡಿಸಿಕೊಳ್ಳುತ್ತದೆ. ಆದ್ದರಿಂದ ನನ್ನ ಮಟ್ಟಿಗೆ ‘ಸಂದು’ ಹತ್ತಿರದ ಪದ. ‘ಕುತ್ತಿಗೆಯ ಪದರಗಳ ಸಂದು.’

ಹೀಗೆ ಉಬ್ಬಿದಾಗ ಕೆಳಗೆ ಹಿಗ್ಗಲು ಜಾಗ ಕಡಿಮೆ, ಬಿಗಿಯಾದ ಪದರವೊಂದು ತಡೆಯುತ್ತದೆ. ಆದ್ದರಿಂದ ಒತ್ತಡವೆಲ್ಲ ನಾಲಿಗೆಯ ಮೇಲೆ. ನಾಲಿಗೆ ಮೇಲಕ್ಕೂ ಹಿಂದಕ್ಕೂ ಸರಿದು ಗಂಟಲಿನ ಹಿಂಗೋಡೆಗೆ ಆತುಕೊಳ್ಳುತ್ತದೆ. ಉಸಿರು ನಿಲ್ಲುವುದು ಅಲ್ಲಿ. ಅದರ ಕೆಳಗಿರುವ ಶ್ವಾಸನಾಳ ಆ ಹೊತ್ತಿನಲ್ಲೂ ತೆರೆದೇ ಇರುತ್ತದೆ. ಕೊನೆಗೆ ಕುತ್ತಿಗೆಯಲ್ಲಿ ತೂತು ಮಾಡಿ ಕೊಳವೆ ಹಾಕಿದಾಗ ಜೀವ ಉಳಿಯುವುದು ಅದರಿಂದಲೇ. ‘ಶ್ವಾಸನಾಳದಲ್ಲೇ ಕೀವು’ ಎಂದು ನಂಬಿದ ಮನೆಯವರು, ಅದೇ ನಾಳಕ್ಕೆ ತೂತು ಹಾಕುತ್ತೇವೆ ಎಂದಾಗ ಒಪ್ಪಿಗೆಗೆ ಸಹಿ ಹಾಕಲು ಹಿಂಜರಿಯುತ್ತಾರೆ. ‘ಉಸಿರುದಾರಿ’ ಎಂದು ಬರೆಯಿರಿ. ಮೂಗು, ಬಾಯಿಂದ ಹಿಡಿದು ಕೆಳಗಿನ ತನಕ ಎಲ್ಲವೂ ಅದರಲ್ಲಿ ಬಂತು.

ಓದುಗ, ತುಮಕೂರು:

ಡಾಕ್ಟ್ರೇ, ಮಧ್ಯೆ ಬಾಯಿ ಹಾಕ್ತಿದ್ದೀನಿ. ನಮ್ಮಪ್ಪನಿಗೂ ಹೀಗೇ ಆಗಿದೆ ಅನ್ಸುತ್ತೆ. ದವಡೆ ಹಲ್ಲು ನೋವು, ಕೆನ್ನೆ ಊದಿದೆ, ಶುಗರ್ ಇದೆ. ಮನೇಲಿ ಶಾಖ ಕೊಡ್ತಿದ್ದೀವಿ. ಬಾವು ಹಣ್ಣಾದ ಮೇಲೆ ಹೋದ್ರೆ ಒಂದೇ ಸಲ ಕೀವು ತೆಗೀತಾರೆ ಅಂತ ಅಮ್ಮ ಹೇಳ್ತಾರೆ. ಊತ ಇಳಿಯದೆ ಹಲ್ಲು ಕೀಳಬಾರದು ಅಂತಾನೂ ಕೇಳಿದೀನಿ. ಇದಕ್ಕೆ ಕೆಪ್ಪಟೆ ಅಂತಾರಲ್ಲ, ಅದೇ ಪದ ಬಳಸಬಹುದಲ್ವಾ?

ಅರಿವಳಿಕೆ ವೈದ್ಯ, ಹುಬ್ಬಳ್ಳಿ:

ಕೆಪ್ಪಟೆ, ಮಂಗನಬಾವು – ಇವು ಕಿವಿಯ ಮುಂದೆ, ಕೆಳಗೆ ಉಬ್ಬುವ ಬೇರೆ ಕಾಯಿಲೆ. ಅದಿರಲಿ, ತಂದೆಯವರನ್ನು ಇವತ್ತೇ ತೋರಿಸಿ. ಶುಗರ್ ಇರುವವರಲ್ಲಿ ಈ ಸೋಂಕು ಬೇಗ ಹರಡುತ್ತದೆ. ಹೊರಡುವ ಮೊದಲು ಒಂದು ಕೆಲಸ ಮಾಡಿ: ಕೆಳದವಡೆಯ ಅಂಚಿನುದ್ದಕ್ಕೂ ಬೆರಳಾಡಿಸಿ. ಮೂಳೆಯ ಅಂಚು ಕೈಗೆ ಸ್ಪಷ್ಟವಾಗಿ ಸಿಕ್ಕಿ ಊತವೆಲ್ಲ ಅದರ ಮೇಲೆ ಕೆನ್ನೆಯಲ್ಲಿದ್ದರೆ ದಂತವೈದ್ಯರ ಬಳಿ ಹೋಗುವಷ್ಟು ಸಮಯವಿದೆ. ಅಂಚೇ ಸಿಗದೆ ಅದರಡಿ ಗಟ್ಟಿಯಾಗಿದ್ದರೆ, ಬಾಯಿಗೆ ಅವರದೇ ಮೂರು ಬೆರಳು ಲಂಬವಾಗಿ ಹೋಗದಿದ್ದರೆ, ಅಥವಾ ಎಂಜಲು ನುಂಗಲಾಗದೆ ಜೊಲ್ಲು ಸುರಿಯುತ್ತಿದ್ದರೆ ನೇರ ದೊಡ್ಡ ಆಸ್ಪತ್ರೆಗೆ. 108ಕ್ಕೆ ಕರೆ ಮಾಡಿ, ಆಂಬುಲೆನ್ಸಿನಲ್ಲಿ ಕೂರಿಸಿಕೊಂಡೇ ಹೋಗಿ. ಮಲಗಿಸಿದರೆ ನಾಲಿಗೆ ಇನ್ನಷ್ಟು ಹಿಂದಕ್ಕೆ ಬೀಳುತ್ತದೆ.

‘ಹಣ್ಣಾಗುವುದು’ ಎಂಬ ಮಾತು ತೊಡೆಯ ಮೇಲಿನ ಕುರುವಿಗೆ ಒಪ್ಪುತ್ತದೆ. ಇಲ್ಲಿ ಮೊದಲ ದಿನಗಳಲ್ಲಿ ಕೀವಿನ ಗುಂಡಿಯೇ ಇರುವುದಿಲ್ಲ. ಮಾಂಸ, ಕೊಬ್ಬು ಎಲ್ಲ ಸೋಂಕಿನಿಂದ ಬಿರುಸಾಗಿ, ಬೆರಳಿಂದ ಒತ್ತಿದರೆ ತಗ್ಗೂ ಬೀಳುವುದಿಲ್ಲ. ಅದು ಮೆತ್ತಗಾಗಲಿ ಎಂದು ಕಾಯುವಷ್ಟರಲ್ಲಿ ನಾಲಿಗೆ ಮೇಲೆದ್ದಿರುತ್ತದೆ. ಇದಕ್ಕೇ ‘ಕೀವು ತುಂಬಿ’ ಎಂಬ ಮಾತು ಬೇಡವೆಂದದ್ದು. ಶಾಖ ನಿಲ್ಲಿಸಿ.

ಹಲ್ಲು ಕೀಳುವ ವಿಷಯ: ಮೂಲ ಉಳಿದರೆ ಔಷಧ ಎಷ್ಟು ಕೊಟ್ಟರೂ ಸೋಂಕು ಮರುಕಳಿಸುತ್ತದೆ, ಹಾಗಾಗಿ ಈಗ ಸಾಧ್ಯವಾದಷ್ಟು ಬೇಗ ತೆಗೆಯುತ್ತಾರೆ. ಬಾಯೇ ತೆರೆಯದಿದ್ದರೆ ಶಸ್ತ್ರಚಿಕಿತ್ಸೆಯ ಕೋಣೆಯಲ್ಲೇ ಆಗಬೇಕು. ಅದನ್ನು ಅಲ್ಲಿಯ ವೈದ್ಯರು ನೋಡಿ ನಿರ್ಧರಿಸುತ್ತಾರೆ.

ಕಿವಿ-ಮೂಗು-ಗಂಟಲು ವೈದ್ಯೆ, ಮಂಗಳೂರು:

‘ಹಲ್ಲಿನಿಂದ ಮಾತ್ರ’ ಎಂಬ ಭಾವನೆ ಬರದಿರಲಿ ಎಂದು ಒಂದು ಮಾತು ಸೇರಿಸುತ್ತೇನೆ. ಟಾನ್ಸಿಲ್ ಪಕ್ಕದ ಕೀವೂ ಕುತ್ತಿಗೆಯ ಸಂದಿಗೆ ಇಳಿಯುತ್ತದೆ. ಆಗ ಹೊರಗೆ ಊತ ಅಷ್ಟಾಗಿ ಕಾಣುವುದಿಲ್ಲ, ಗಂಟಲಿನ ಪಕ್ಕದ ಗೋಡೆ ಒಳಗೆ ತಳ್ಳಿಕೊಂಡಿರುತ್ತದೆ. ಅದು ಹಿಂದಿನ ಸಂದಿಗೆ ಹೋದರೆ ಕತ್ತು ತಿರುಗಿಸಲು ಆಗುವುದಿಲ್ಲ, ಅಲ್ಲಿಂದ ಎದೆಗೂಡಿಗೆ ಇಳಿಯಲು ನೇರ ದಾರಿ. ಪತ್ರದಲ್ಲಿ ‘ಹಲ್ಲು ಅಥವಾ ಗಂಟಲಿನ ಸೋಂಕು’ ಎಂದಿರಲಿ.

ಇನ್ನೊಂದು, ದನಿಯ ವಿಷಯ. ಎಚ್ಚರಿಕೆಯ ಪಟ್ಟಿಯಲ್ಲಿ ‘ದನಿ ಒಡೆಯುವುದು’ ಎಂದು ಬರೆದಿದ್ದರೆ ತೆಗೆಯಿರಿ. ದನಿ ಒಡೆಯುವುದು ಸ್ವರತಂತುಗಳ ತೊಂದರೆ. ಇಲ್ಲಿ ಬಾಯಿ ತುಂಬ ಬಿಸಿ ತುತ್ತು ಇಟ್ಟುಕೊಂಡು ಮಾತಾಡಿದ ಹಾಗೆ ಮಾತು ಮುಚ್ಚಿಕೊಳ್ಳುತ್ತದೆ.

ಅನುವಾದಕಿ, ಧಾರವಾಡ:

ತುಂಬ ಉಪಕಾರ. ಸರ್, ಮೂಲದಲ್ಲಿ ‘ರೋಗಿಯನ್ನು ಎಚ್ಚರವಿರುವಾಗಲೇ ಇಂಟ್ಯುಬೇಟ್ ಮಾಡಬಹುದು’ ಎಂಬ ಸಾಲೂ ಇದೆ. ಓದಿದರೆ ಹಿಂಸೆ ಕೊಡುತ್ತಾರೆ ಎನ್ನಿಸುತ್ತದೆ. ‘ಅರಿವಳಿಕೆ ಕೊಟ್ಟು ಕೊಳವೆ ಹಾಕುತ್ತಾರೆ’ ಎಂದು ಮೃದು ಮಾಡಲೇ? ಬಂದ ರೋಗಿಗೆ ನಡೆಯುವುದೇನೆಂದು ಗೊತ್ತಾದರೆ ಪದ ಆರಿಸುವುದು ಸುಲಭ.

ಅರಿವಳಿಕೆ ವೈದ್ಯ, ಹುಬ್ಬಳ್ಳಿ:

ಹಾಗೆ ಮೃದು ಮಾಡಿದರೆ ಅರ್ಥ ತಲೆಕೆಳಗಾಗುತ್ತದೆ. ಉದಾಹರಣೆಗೆ ಒಬ್ಬರನ್ನು ಇಟ್ಟುಕೊಳ್ಳಿ: ಐವತ್ತು ವಯಸ್ಸು, ಶುಗರ್, ನಾಲ್ಕು ದಿನದಿಂದ ಬುದ್ಧಿಹಲ್ಲು ನೋವು. ಗದ್ದದಡಿ ಎರಡೂ ಕಡೆ ಬಿರುಸು, ಬಾಯಿ ಒಂದೂವರೆ ಬೆರಳಷ್ಟೇ ತೆರೆಯುತ್ತದೆ, ಮುಂದಕ್ಕೆ ಬಾಗಿ ಕೈಯೂರಿ ಕೂತಿದ್ದಾರೆ. ಬೆರಳಿಗೆ ಹಾಕಿದ ಯಂತ್ರ ಆಮ್ಲಜನಕ 97 ಎಂದು ತೋರಿಸುತ್ತದೆ. ಇದನ್ನು ನಂಬಿ ವಾರ್ಡಿಗೆ ಕಳಿಸುವುದು ದೊಡ್ಡ ತಪ್ಪು. ಸಣ್ಣ ಸಂದಿಯಿಂದ ಗಾಳಿ ಹೋಗುತ್ತಿರುವ ತನಕ ಆ ಅಂಕಿ ನಿಲ್ಲುತ್ತದೆ, ಸಂದಿ ಮುಚ್ಚಿದಾಗ ಒಮ್ಮೆಲೇ ಕುಸಿಯುತ್ತದೆ. ಸಿ.ಟಿ. ಸ್ಕ್ಯಾನಿಗೆ ಮಲಗಿಸಲು ಆಗದಿದ್ದರೆ ಮೊದಲು ಉಸಿರುದಾರಿ ಭದ್ರವಾಗಬೇಕು, ಸ್ಕ್ಯಾನ್ ಆಮೇಲೆ.

ಅವರನ್ನು ನಿದ್ರೆಗೆ ತಳ್ಳಿದರೆ ನಾಲಿಗೆಯನ್ನು ಹಿಡಿದಿಟ್ಟ ಸ್ನಾಯುಗಳು ಸಡಿಲವಾಗಿ ಉಳಿದ ಸಂದಿಯೂ ಮುಚ್ಚುತ್ತದೆ. ಬಾಯಿ ತೆರೆಯದ್ದರಿಂದ ಕೊಳವೆ ಹೋಗುವುದಿಲ್ಲ, ಮುಖವಾಡದಿಂದ ಗಾಳಿಯೂ ಹೋಗುವುದಿಲ್ಲ. ಅದಕ್ಕೇ ಕೂರಿಸಿ, ಮೂಗು ಗಂಟಲುಗಳನ್ನು ಲಿಗ್ನೋಕೇನ್‌ನಿಂದ ಮರಗಟ್ಟಿಸಿ, ಅವರೇ ಉಸಿರಾಡುತ್ತಿರುವಾಗ ಬಾಗುವ ಸಣ್ಣ ದುರ್ಬೀನಿನ ಮೇಲೆ ಕೊಳವೆಯನ್ನು ಮೂಗಿನಿಂದ ಇಳಿಸುತ್ತೇವೆ. ಪಕ್ಕದಲ್ಲಿ ಕುತ್ತಿಗೆಗೆ ಗುರುತು ಹಾಕಿಕೊಂಡು ಶಸ್ತ್ರವೈದ್ಯರು ಸಿದ್ಧವಾಗಿ ನಿಂತಿರುತ್ತಾರೆ. ಅದಾಗದಿದ್ದರೆ ಕುತ್ತಿಗೆಯಲ್ಲಷ್ಟೇ ಮರಗಟ್ಟಿಸಿ ಶ್ವಾಸನಾಳಕ್ಕೆ ತೂತು. ಊದಿದ ಕುತ್ತಿಗೆಯಲ್ಲಿ ಜಾಗ ಹುಡುಕುವುದೇ ಕಷ್ಟ, ಆದ್ದರಿಂದ ಅದನ್ನು ಕೊನೆಯ ಗಳಿಗೆಗೆ ಬಿಡುವುದಿಲ್ಲ. ‘ಎಚ್ಚರವಿರುವಾಗಲೇ, ಜಾಗವನ್ನು ಮರಗಟ್ಟಿಸಿ, ಉಸಿರಿಗೆ ಕೊಳವೆ ಹಾಕಬಹುದು’ ಎಂದು ಬರೆಯಿರಿ. ‘ಅರಿವಳಿಕೆ’ ಎಂದರೆ ಜನ ನಿದ್ರೆ ಎಂದೇ ತಿಳಿಯುತ್ತಾರೆ.

ಆಮೇಲೆ ದವಡೆಯ ಅಂಚಿನಿಂದ ಸುಮಾರು ಎರಡು ಬೆರಳು ಕೆಳಗೆ ಎರಡೂ ಬದಿ ಕೊಯ್ದು ಸಂದುಗಳನ್ನು ಬಿಡಿಸುತ್ತಾರೆ. ಅಂಚಿಗೆ ತೀರ ಹತ್ತಿರ ಕೊಯ್ದರೆ ಕೆಳತುಟಿಯನ್ನು ಎಳೆಯುವ ನರಕ್ಕೆ ಪೆಟ್ಟು. ಕೀವು ಕೆಲವು ಹನಿ ಮಾತ್ರ ಬರಬಹುದು, ಒತ್ತಡ ಇಳಿಯುವುದೇ ಮುಖ್ಯ.

ನಿವೃತ್ತ ಕನ್ನಡ ಅಧ್ಯಾಪಕ, ಮೈಸೂರು:

ಗಂಟಲಮಾರಿಯನ್ನು ಬಿಟ್ಟುಕೊಟ್ಟೆ. ಆದರೆ ‘ಸಂದು’ ಎಂದರೆ ಕೀಲು ಎಂಬ ಅರ್ಥವೂ ಹತ್ತಿರದಲ್ಲೇ ಇದೆ. ‘ಸಂದುನೋವು’ ಕೇಳಿದವರು ಕತ್ತಿನ ಕೀಲುನೋವು ಎಂದುಕೊಂಡರೆ? ‘ಎಡೆ’ ಎನ್ನಬಾರದೇಕೆ?

ಕಿವಿ-ಮೂಗು-ಗಂಟಲು ವೈದ್ಯೆ, ಮಂಗಳೂರು:

ನಮ್ಮ ಕಡೆ ‘ಎಡೆ’ ಬಾಳೆಲೆಯ ಮೇಲೆ ಬಡಿಸುವುದು, ಮೇಷ್ಟ್ರೇ. ‘ಪದರಗಳ ನಡುವೆ’ ಎಂದು ಬಿಟ್ಟರೆ ಆ ಪದವೇ ಬೇಕಾಗುವುದಿಲ್ಲ.

ಅನುವಾದಕಿ, ಧಾರವಾಡ:

ತಿದ್ದಿದ ಸಾಲು: ‘ಹಲ್ಲು ಅಥವಾ ಗಂಟಲಿನ ಸೋಂಕು ಕುತ್ತಿಗೆಯ ಪದರಗಳ ನಡುವೆ ಹರಡಿ ಉಸಿರುದಾರಿಯನ್ನು ಒತ್ತಬಹುದು. ಉಸಿರಾಡುವಾಗ ಗೊರಗೊರ ಸದ್ದು, ಜೊಲ್ಲು ಸುರಿಯುವುದು, ಬಾಯಿ ತೆರೆಯಲಾಗದಿರುವುದು, ಮಾತು ಮುಚ್ಚಿಕೊಳ್ಳುವುದು ಕಂಡರೆ ಕೂಡಲೇ ಆಸ್ಪತ್ರೆಗೆ ಹೋಗಿ.’

ಅರಿವಳಿಕೆ ವೈದ್ಯ, ಹುಬ್ಬಳ್ಳಿ:

ಪದಗಳೆಲ್ಲ ಸರಿ, ಸಾಲಿನ ಕ್ರಮ ಬದಲಿಸಿ. ಸದ್ದು ಮೊದಲಿದ್ದರೆ ಅದು ಬರುವ ತನಕ ಕಾಯುತ್ತಾರೆ, ಅದು ಬಂದಾಗ ದಾರಿ ಬಹುಪಾಲು ಮುಚ್ಚಿರುತ್ತದೆ. ಬಾಯಿ ತೆರೆಯಲಾಗದಿರುವುದು, ಜೊಲ್ಲು, ಮುಚ್ಚಿದ ಮಾತು ಮೊದಲು ಬರಲಿ. ‘ಮಲಗಲು ಆಗದಿರುವುದು’ ಬಿಟ್ಟುಹೋಗಿದೆ, ಅದನ್ನೂ ಸೇರಿಸಿ. ಸದ್ದು ಕೊನೆಯಲ್ಲಿರಲಿ, ಮುಂದೆ ‘ಇದು ಬರುವ ತನಕ ಕಾಯಬೇಡಿ’ ಎಂದು ಬರೆಯಿರಿ.