ವಾರೆಯಾದ, ಚುಕ್ಕಿ ಬಿದ್ದ ಸ್ಕ್ಯಾನ್‌ಗಳು: ಓಸಿಆರ್‌ಗೆ ಮುಂಚೆ ನೀವೇನು ಮಾಡಿದ್ರಿ?

ಪ್ರಶ್ನೆ: ಹಳೇ ಪುಸ್ತಕದ ಸ್ಕ್ಯಾನ್ ಪುಟಗಳಿವೆ, ಸ್ವಲ್ಪ ವಾರೆ, ತುಂಬಾ ಕಪ್ಪು ಚುಕ್ಕಿ, ಕಾಗದ ಹಳದಿ. ಓಸಿಆರ್‌ಗೆ ಹಾಕೋ ಮುಂಚೆ ಹೇಗೆ ಕ್ಲೀನ್ ಮಾಡೋದು? ಮಾಡಿದವರು ಅನುಭವ ಹೇಳಿ.

ಮಸಿಕುಡಿಕೆ: ಚುಕ್ಕಿ ತೆಗೆಯೋ ಹುಚ್ಚಿಂದಲೇ ನಮ್ಮ ಪುಸ್ತಕ ಹಾಳಾಗಿದ್ದು. ಸ್ಕ್ಯಾನ್ ಮಾಡಿಕೊಟ್ಟವರು ಮೀಡಿಯನ್ ಫಿಲ್ಟರ್ ಹೊಡೆದು ಫಳಫಳ ಅನ್ನೋ ಪುಟ ಕೊಟ್ರು, ಓಸಿಆರ್ ಮಾಡಿದ್ರೆ ಧನ ಇದ್ದಲ್ಲೆಲ್ಲ ದನ, ಫಲ ಇದ್ದಲ್ಲಿ ಪಲ. ಧ, ಫ ಕೆಳಗಿನ ಆ ಗೀಟು ಎಷ್ಟು ಸಣ್ಣದು ಅಂದ್ರೆ ಫಿಲ್ಟರ್‌ಗೆ ಅದೂ ಕೊಳೆನೇ. ದನ ಅನ್ನೋದೂ ಸರಿಯಾದ ಪದವೇ ಆದ್ದರಿಂದ ಸ್ಪೆಲ್‌ಚೆಕ್‌ಗೂ ಸಿಗಲಿಲ್ಲ, ಇಡೀ ಪುಸ್ತಕ ಸಾಲು ಸಾಲಾಗಿ ಕೂತು ಓದಿ ತಿದ್ದಿದ್ವಿ, ಈಗಲೂ ನೆನೆಸಿಕೊಂಡ್ರೆ ಮೈ ಉರಿಯತ್ತೆ. ಆಮೇಲಿಂದ ಬಿಡಿಯಾಗಿ ನಿಂತ ಚುಕ್ಕಿಯ ವಿಸ್ತೀರ್ಣ ನೋಡಿ ಮಾತ್ರ ತೆಗೀತೀವಿ. 300 ಡಿಪಿಐನಲ್ಲಿ 10 ಪಾಯಿಂಟ್ ಅಕ್ಷರದ ಪೂರ್ಣವಿರಾಮವೇ ಸುಮಾರು 20 ಪಿಕ್ಸೆಲ್, ಹಾಗಾಗಿ 8ಕ್ಕಿಂತ ಚಿಕ್ಕದಿದ್ರೆ ಮಾತ್ರ ಕಸ.

ರಾತ್ರಿಪಾಳಿ: ಇಷ್ಟೆಲ್ಲ ಯಾಕೆ? ಕಾಂಟ್ರಾಸ್ಟ್ ಏರಿಸಿ ಪೂರ್ತಿ ಕಪ್ಪು-ಬಿಳುಪು ಮಾಡಿ, ವಾರೆ ಇದ್ರೆ ಓಸಿಆರ್ ಮಾಡೋ ಟೆಸೆರಾಕ್ಟೇ ನೋಡ್ಕೊಳ್ಳತ್ತೆ. ನಾನು ವರ್ಷಗಟ್ಟಲೆ ಆಫೀಸ್ ಪತ್ರಗಳನ್ನ ಹೀಗೇ ಮಾಡಿದೀನಿ, ಒಂದು ದೂರು ಬಂದಿಲ್ಲ.

ಕರಡುತಿದ್ದು: ಪತ್ರ ಬೇರೆ, ಒತ್ತೊತ್ತಾಗಿ ಅಚ್ಚಾದ ಪುಸ್ತಕ ಬೇರೆ ಸರ್. ಅರ್ಧ ಡಿಗ್ರಿ ವಾರೆ ಟೆಸೆರಾಕ್ಟ್ ಸಹಿಸತ್ತೆ, ನಿಜ. ಆದ್ರೆ ನಮ್ಮ ಪುಟ 2 ಡಿಗ್ರಿ ವಾರೆ ಇತ್ತು, ಸಾಲಿನ ಅಗಲ 2000 ಪಿಕ್ಸೆಲ್, ಅಂದ್ರೆ ಬಲತುದಿ ಹೊತ್ತಿಗೆ ಸಾಲು 70 ಪಿಕ್ಸೆಲ್ ಜಾರಿರತ್ತೆ. ಸಾಲಿಂದ ಸಾಲಿಗೆ ಇದ್ದಿದ್ದೇ 58. ಮೇಲಿನ ಸಾಲಿನ ಒತ್ತಕ್ಷರ ಹೋಗಿ ಕೆಳಗಿನ ಸಾಲಿನ ಗುಡಿಸುಗೆ ಅಂಟ್ಕೊಂಡು ಎರಡೂ ಸಾಲು ಕಲಸುಮೇಲೋಗರ. ಇನ್ನು ಕಪ್ಪು-ಬಿಳುಪು ಮಾಡಿ ತಿರುಗಿಸಿದ್ರೆ ಅಂಚು ಮೆಟ್ಟಿಲು ಮೆಟ್ಟಿಲಾಗತ್ತೆ, ಅದಕ್ಕೇ ಗ್ರೇಸ್ಕೇಲ್‌ನಲ್ಲಿ ಇರುವಾಗಲೇ ತಿರುಗಿಸಬೇಕು, ಇಮೇಜ್‌ಮ್ಯಾಜಿಕ್‌ನಲ್ಲಿ ಹೀಗೆ:

```
magick in.tif -background white -deskew 40% +repage out.tif
```

ಸುತ್ತಲಿನ ಕಪ್ಪು ಅಂಚನ್ನ ಮೊದಲೇ ಕತ್ತರಿಸಿ, ಇಲ್ಲದಿದ್ರೆ ಅದು ಅಕ್ಷರದ ಸಾಲು ಬಿಟ್ಟು ಅಂಚನ್ನೇ ನೇರ ಮಾಡಿಬಿಡತ್ತೆ. ಹಳದಿ ಕಾಗದ, ಬೈಂಡಿಂಗ್ ನೆರಳು ಇದ್ರೆ ಯಾವುದು ಕಪ್ಪು ಯಾವುದು ಬಿಳುಪು ಅನ್ನೋಕೆ ಇಡೀ ಪುಟಕ್ಕೆ ಒಂದೇ ಮಿತಿ ಹಾಕ್ಬೇಡಿ, ನೆರಳೆಲ್ಲ ಕಪ್ಪಾಗತ್ತೆ. ಟೆಸೆರಾಕ್ಟ್ 5ರಲ್ಲಿ `-c thresholding_method=2` ಕೊಟ್ರೆ ಆಯಾ ಜಾಗಕ್ಕೆ ತಕ್ಕಂತೆ ಮಿತಿ ಹಾಕತ್ತೆ.

ರಾತ್ರಿಪಾಳಿ: ನಾನು ಮಾಡಿದ ಕೆಲಸ ನೀವು ನೋಡಿದೀರೇನ್ರೀ? ಲೆಕ್ಕ ಹೇಳೋದು ಸುಲಭ.

ಬೈಂಡಿಂಗ್‌ಮನೆ: ಇಬ್ಬರೂ ಬೈಂಡಿಂಗ್ ಹತ್ರದ ವಕ್ರ ಸಾಲಿನ ಮಾತೇ ಎತ್ತಲಿಲ್ಲ. ನಮ್ಮದು ದಪ್ಪ ಪುಸ್ತಕ, ಎಡಗಡೆ ಸಾಲು ಬಾಗಿತ್ತು, ಡೆಸ್ಕ್ಯೂ ಮಾಡಿದ್ರೆ ಬಲಗಡೆ ನೆಟ್ಟಗಾಗಿ ಎಡಗಡೆ ಹಾಗೇ ಉಳೀತು. ಸ್ಕ್ಯಾನ್ ಟೈಲರ್‌ನಲ್ಲಿ ಪುಟ ಪುಟಕ್ಕೂ ಗೆರೆ ಎಳೆದು ಡಿವಾರ್ಪ್ ಮಾಡಿದ್ವಿ, ಬೆನ್ನು ಬಿದ್ದುಹೋಯ್ತು.

ಕರಡುತಿದ್ದು: ಕೇಳಿದ್ದು ವಾರೆ ಬಗ್ಗೆ, ವಕ್ರದ ಬಗ್ಗೆ ಅಲ್ಲ.

ಬೈಂಡಿಂಗ್‌ಮನೆ: ಹಳೇ ಪುಸ್ತಕ ಅಂತ ಬರ್ದಿದಾರಲ್ರೀ, ವಕ್ರ ಇಲ್ಲದ ಹಳೇ ಪುಸ್ತಕ ಎಲ್ಲಿದೆ ತೋರಿಸಿ.

ಮಸಿಕುಡಿಕೆ: ಜಗಳ ಆಮೇಲೆ ಆಡಿ. ಪ್ರಶ್ನೆ ಕೇಳಿದವರೇ, ಒಂದು ಪುಟ ಕ್ಲೀನ್ ಮಾಡಿ, ಅದೇ ಪುಟ ಮಾಡದೇನೂ ಓಸಿಆರ್ ಹಾಕಿ, ಎರಡರಲ್ಲೂ ಧ, ಥ, ಫ ಎಷ್ಟು ಉಳಿದಿವೆ ಎಣಿಸಿ. ಮೂಲ ಗ್ರೇ ಫೈಲ್ ಮಾತ್ರ ಅಳಿಸಬೇಡಿ.

ರಾತ್ರಿಪಾಳಿ: ಎಲ್ಲ ಗ್ರೇ ಇಟ್ಕೊಂಡ್ರೆ ಡಿಸ್ಕ್ ಜಾಗ ನೀವು ಕೊಡ್ತೀರಾ?