ಪದಚರ್ಚೆ: ಸೈನ್ ಬೆಲೆ ‘ಮರುಕಳಿಸುತ್ತದೆ’ ಎಂದರೆ ಏನು ಮರುಕಳಿಸುತ್ತದೆ?

ಗಂಗಾವತಿಯಿಂದ, ಪಿಯು ಉಪನ್ಯಾಸಕಿ:
ನಮ್ಮಲ್ಲಿ ಹೆಚ್ಚಿನ ಮಕ್ಕಳು ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದವರು. ರೇಡಿಯನ್ ಅವರಿಗೆ ಹೊಸದು. ‘ಸೈನ್ ಬೆಲೆ ಮರುಕಳಿಸುತ್ತದೆ’ ಎಂಬ ನನ್ನ ಮಾತನ್ನೇ ಹಿಡಿದು ಒಬ್ಬ ಹುಡುಗ ಹೀಗೆ ಬರೆದ: π/6ರ ಸೈನ್ 1/2, 5π/6ರ ಸೈನ್ ಕೂಡ 1/2, ನಡುವಿನ ಅಂತರ 2π/3, ಆದ್ದರಿಂದ ಸೈನ್ 2π/3ಕ್ಕೊಮ್ಮೆ ಮರುಕಳಿಸುತ್ತದೆ. ಅವನ ಲೆಕ್ಕ ಸರಿ, ತೀರ್ಮಾನ ಸರಿಯಲ್ಲ. ಈ ಎರಡು ಬಗೆಯ ಮರುಕಳಿಕೆಗೆ ಬೇರೆ ಬೇರೆ ಪದಗಳಿವೆಯೇ?

ಕೊಪ್ಪಳದಿಂದ:
‘ಪುನರಾವರ್ತನೆ’ ಸಾಕಲ್ಲವೇ ಮೇಡಂ? ಒಂದು ಸುತ್ತು ಮುಗಿದ ಮೇಲೆ ಎಲ್ಲವೂ ಮೊದಲಿನಂತೆಯೇ ಬರುತ್ತದೆ.

ಸಿಂಧನೂರಿನಿಂದ:
ನಮ್ಮ ಅಕ್ಕಿ ಗಿರಣಿಯ ಮೋಟಾರಿಗೆ ಬರುವ ವಿದ್ಯುತ್ತಿನ ಆವರ್ತನ ಸೆಕೆಂಡಿಗೆ 50. ಇದಕ್ಕೆ ‘ಆವರ್ತನ’ವೇ ಸರಿಯಾದ ಪದ.

ರಾಯಚೂರಿನಿಂದ, ನಿವೃತ್ತ ಗಣಿತ ಶಿಕ್ಷಕ:
ಗಿರಣಿಯವರು ಹೇಳುವುದು ಸೆಕೆಂಡಿಗೆ ಎಷ್ಟು ಸಲ ಎಂಬ ಎಣಿಕೆ. ಮೇಡಂ ಕೇಳಿರುವುದು ಒಂದು ಸಲಕ್ಕೆ ಎಷ್ಟು ಉದ್ದ ಎಂದು. ಕೊಪ್ಪಳದವರ ಮಾತು ನಿಜ, ಆದರೆ ಸುತ್ತು ಮುಗಿಯುವ ಮೊದಲೇ ಅದೇ ಬೆಲೆ ಏಕೆ ಬಂತು ಎಂಬ ಹುಡುಗನ ಗೊಂದಲಕ್ಕೆ ಅದರಲ್ಲಿ ಉತ್ತರವಿಲ್ಲ.

ಹುಡುಗನನ್ನು ಇನ್ನೊಂದು ಹೆಜ್ಜೆ ಮುಂದೆ ನಡೆಸಿ. 5π/6ಕ್ಕೆ ಮತ್ತೆ 2π/3 ಕೂಡಿಸಿದರೆ 3π/2; ಅಲ್ಲಿ ಸೈನ್ −1. ಅವನ ನಿಯಮ ಎರಡನೆಯ ಹೆಜ್ಜೆಗೇ ಮುರಿಯಿತು.

ಕಾರಣ ತೋರಿಸಲು ರಟ್ಟಿನಲ್ಲಿ 10 ಸೆಂ.ಮೀ. ತ್ರಿಜ್ಯದ ವೃತ್ತ ಕತ್ತರಿಸಿ, ಆ ತ್ರಿಜ್ಯವನ್ನೇ 1 ಎಂದು ಎಣಿಸಿ. ಬಲತುದಿಯಿಂದ ಮೇಲ್ಮುಖವಾಗಿ ಅಂಚಿಗೆ ದಾರ ಸುತ್ತಿಸಿ. 10 ಸೆಂ.ಮೀ. ದಾರವೆಂದರೆ 1 ರೇಡಿಯನ್. ಪೂರ್ತಿ ಸುತ್ತಿಗೆ ಸುಮಾರು 62.8 ಸೆಂ.ಮೀ., ಅಂದರೆ 2π. ದಾರ ಮುಗಿದಲ್ಲಿ ಒಂದು ಬಿಂದು ಗುರುತಿಸಿ: ಕೇಂದ್ರದ ಮಟ್ಟದಿಂದ ಅದರ ಎತ್ತರ ಸೈನ್, ಅಡ್ಡ ದೂರ ಕೊಸೈನ್. π/6 ಮತ್ತು 5π/6ರಲ್ಲಿ ಎತ್ತರ ಒಂದೇ. ಕೊಸೈನ್ ಮಾತ್ರ ಒಂದು ಕಡೆ √3/2, ಇನ್ನೊಂದು ಕಡೆ −√3/2. ಬಿಂದುಗಳೇ ಬೇರೆ. ಬಲಬದಿಯ ಬಿಂದುವಿನಿಂದ ಮುಂದೆ ಹೋದರೆ ಎತ್ತರ ಏರುತ್ತದೆ, ಎಡಬದಿಯದರಿಂದ ಇಳಿಯುತ್ತದೆ. ಎಲ್ಲಿಂದ ಹೊರಟರೂ ಅದೇ ಬಿಂದುವಿಗೆ ಮರಳಬೇಕಾದರೆ ದಾರಕ್ಕೆ ಕಡಿಮೆಯೆಂದರೂ 2π ಉದ್ದ ಕೂಡಬೇಕು. ಬಿಂದು ಮರಳಿದರೆ ಸೈನ್, ಕೊಸೈನ್ ಎರಡೂ ಒಟ್ಟಿಗೆ ಮರಳುತ್ತವೆ.

ನಾನು ಮೊದಲನೆಯದಕ್ಕೆ ‘ಸಮಬೆಲೆ’, ಎರಡನೆಯದಕ್ಕೆ ‘ಆವರ್ತ’ ಎನ್ನುತ್ತಿದ್ದೆ. ‘ಮರುಕಳಿಸು’ ಎಂದರೆ ಜ್ವರವೇ ನೆನಪಾಗುತ್ತದೆ, ಅದನ್ನು ಬಿಡುವುದು ಒಳ್ಳೆಯದು.

ಗಂಗಾವತಿಯಿಂದ:
‘ಸಮಬೆಲೆ’ ಹಿಡಿಸಿತು ಸರ್. ‘ಆವರ್ತ’ದ ಬದಲು ‘ಸುತ್ತಳತೆ’ ಎನ್ನಬಹುದೇ? ಮಕ್ಕಳಿಗೆ ಪರಿಚಿತ ಪದ.

ರಾಯಚೂರಿನಿಂದ:
ಸೈನ್, ಕೊಸೈನ್‌ಗೆ ನಡೆದೀತು. ಮುಂದೆ ಟ್ಯಾನ್ ಬಂದಾಗ ತೊಡಕು: ಅರ್ಧ ಸುತ್ತಿಗೆ ಎತ್ತರ, ಅಡ್ಡ ದೂರ ಎರಡರ ಚಿಹ್ನೆಯೂ ತಿರುಗಿ, ಭಾಗಲಬ್ಧ ಹಾಗೆಯೇ ಉಳಿಯುತ್ತದೆ. ಅದರ ಆವರ್ತ π. ಆಗ ‘ಸುತ್ತಳತೆ’ ಎಂದು ಹೇಗೆ ಹೇಳುತ್ತೀರಿ?

ಕೊಪ್ಪಳದಿಂದ:
‘ಅರೆಸುತ್ತಳತೆ’ ಎನ್ನೋಣ!