ಸಹಾಯ ಬೇಕು: ಕಾಂಡಕೊರಕ ಹತೋಟಿ ತಂಡಕ್ಕೆ ಯಾವ ಗುರಿ ಇಡಬೇಕು?

ಎಲ್ಲರಿಗೂ ನಮಸ್ಕಾರ. ಚಿಕ್ಕಮಗಳೂರಿನ ಸುತ್ತಲಿನ ಅರೇಬಿಕಾ ಕಾಫಿ ತೋಟಗಳಲ್ಲಿ ಬಿಳಿ ಕಾಂಡಕೊರಕದ ಹತೋಟಿಗೆ ನೆರವಾಗುವ ಆರು ಜನರ ತಂಡವನ್ನು ನಾನು ನೋಡಿಕೊಳ್ಳುತ್ತೇನೆ. ಮೊದಲು ಒಬ್ಬೊಬ್ಬರಿಗೂ ತಿಂಗಳಿಗೆ 40 ಭೇಟಿಗಳ ಗುರಿ ಕೊಟ್ಟಿದ್ದೆವು. ಗುರಿಯೇನೋ ಮುಟ್ಟಿತು, ಆದರೆ ಹೆಚ್ಚಿನ ಭೇಟಿಗಳು ಟಾರು ರಸ್ತೆ ಪಕ್ಕದ ತೋಟಗಳಲ್ಲೇ ಮುಗಿದಿದ್ದವು (ಫೋಟೋಗಳೆಲ್ಲ ಗೇಟಿನ ಬಳಿಯವೇ). ಬಳಿಕ ಕಿತ್ತು ಸುಟ್ಟ ಗಿಡಗಳನ್ನು ಎಣಿಸತೊಡಗಿದಾಗ, ಹೇಗೂ ತೆಗೆಯಬೇಕಿದ್ದ ಮುದಿ ಗಿಡಗಳೂ ಲೆಕ್ಕಕ್ಕೆ ಸೇರಿದವು. ಹುಳು ನಿಜವಾಗಿಯೂ ಕಡಿಮೆಯಾದ ತೋಟದ ಸಿಬ್ಬಂದಿಯೇ ಹಿಂದೆ ಬಿದ್ದಂತೆ ಕಂಡರು.

ಈಗ, ದುಂಬಿ ಹಾರುವ ಕಾಲಕ್ಕೆ ಮುಂಚೆ, ಅಂದರೆ ಮಾರ್ಚ್ ಮತ್ತು ಸೆಪ್ಟೆಂಬರ್‌ನಲ್ಲಿ, ಪ್ರತಿ ತೋಟದಲ್ಲಿ ಚೀಟಿ ಎತ್ತಿ ಆರಿಸಿದ 100 ಗಿಡಗಳನ್ನು ಬೇರೆ ವಲಯದ ಸಿಬ್ಬಂದಿಯಿಂದ ಪರೀಕ್ಷಿಸಿ, ಕಾಂಡದಲ್ಲಿ ಉಬ್ಬುಗೆರೆ ಕಂಡವುಗಳ ಸಂಖ್ಯೆಯನ್ನು ಹಿಂದಿನ ವರ್ಷದ ಅದೇ ತಿಂಗಳಿನೊಂದಿಗೆ ಹೋಲಿಸುವ ಯೋಚನೆಯಿದೆ. ಒಂದೇ ತೋಟದಲ್ಲಿ 9 ಇದ್ದದ್ದು 7 ಆದರೆ ಅದು ಬರೀ ಆಕಸ್ಮಿಕವೂ ಇರಬಹುದಾದ್ದರಿಂದ, ಇಡೀ ವಲಯದ ತೋಟಗಳನ್ನು ಒಟ್ಟುಗೂಡಿಸಿಯೇ ನೋಡುತ್ತೇವೆ.

ನನ್ನನ್ನು ಕಾಡುತ್ತಿರುವುದು ಎರಡು ಪ್ರಶ್ನೆಗಳು. ಮಾಲೀಕರು ನೆರಳಿನ ಮರ ಕಡಿದರೆ ಬಿಸಿಲು ಬಿದ್ದು ಹುಳು ಹೆಚ್ಚುತ್ತದೆ. ಆ ತೋಟವನ್ನು ಲೆಕ್ಕದಿಂದ ಬಿಡಬೇಕೆ, ಪ್ರತ್ಯೇಕವಾಗಿ ಬರೆದಿಡಬೇಕೆ? ಬಿಟ್ಟರೆ, ಕೆಟ್ಟ ಫಲಿತಾಂಶಕ್ಕೆಲ್ಲ ನೆರಳೇ ನೆಪವಾದೀತೆಂಬ ಅಳುಕಿದೆ. ಮತ್ತೆ, ಈ ಅಂಕಿಯನ್ನು ಪ್ರೋತ್ಸಾಹಧನಕ್ಕೆ ಜೋಡಿಸಿದ ಅನುಭವ ಯಾರಿಗಾದರೂ ಇದ್ದರೆ ದಯವಿಟ್ಟು ತಿಳಿಸಿ.